ಆರು ಮೂಟೆ ಅಕ್ಕಿ, ಒಂದು ಸಾಲಿನ ಆದೇಶ

ಕಳೆದ ತಿಂಗಳು ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಒಂದು ಉತ್ತರದ ಮುಂದೆ ತುಂಬ ಹೊತ್ತು ಕೂತುಬಿಟ್ಟೆ. ಆಡಳಿತ ಕಾನೂನಿನ ಸಮಸ್ಯೆ ಪ್ರಶ್ನೆ, 6 ಅಂಕ. ದುಂಡನೆಯ ಅಕ್ಷರದಲ್ಲಿ ಮೂರು ಪುಟ ತುಂಬಿತ್ತು. ಎದುರಿನವರ ಅಹವಾಲು ಕೇಳಿ ಪಕ್ಷಪಾತವಿಲ್ಲದೆ ತೀರ್ಮಾನಿಸಬೇಕೆನ್ನುವ ಸಹಜ ನ್ಯಾಯ ಎಂದರೇನು, ಅದರ ಎರಡು ತತ್ವಗಳು ಯಾವುವು, 1964ರ ರಿಡ್ಜ್ ವಿರುದ್ಧ ಬಾಲ್ಡ್‌ವಿನ್, 1969ರ ಕ್ರೈಪಾಕ್, 1978ರ ಮೇನಕಾ ಗಾಂಧಿ ತೀರ್ಪುಗಳು. ಒಂದೂ ತಪ್ಪಿಲ್ಲ. ಕೊನೆಗೆ ಎರಡೇ ಸಾಲು: "ಆದ್ದರಿಂದ ಈ ಪ್ರಕರಣದಲ್ಲಿ ಸಹಜ ನ್ಯಾಯದ ಉಲ್ಲಂಘನೆಯಾಗಿದೆ. ಆದೇಶ ರದ್ದಾಗತಕ್ಕದ್ದು."

ಎರಡೂವರೆ ಅಂಕ ಕೊಟ್ಟೆ. ಮರುದಿನ ಆ ಹುಡುಗಿ ಬಂದು, "ಮೇಡಂ, ಎಲ್ಲಾ ಕೇಸೂ ಬರ್ದಿದೀನಿ, ಉತ್ತರಾನೂ ಸರಿ ಇದೆ, ಯಾಕೆ ಕಮ್ಮಿ ಬಂತು?" ಎಂದಳು. ಹಗಲು ಕೆಲಸ ಮಾಡಿ ಸಂಜೆ ತರಗತಿಗೆ ಬರುವ ಹುಡುಗಿ. ಓದಿದ್ದಾಳೆ, ನೆನಪಿಟ್ಟುಕೊಂಡಿದ್ದಾಳೆ. ಅವಳಿಗೆ ಒಂದು ಮಾತಿನ ಉತ್ತರ ಸಾಲದು ಅನಿಸಿ, ಅದೇ ಪ್ರಶ್ನೆಯನ್ನು ಇಬ್ಬರೂ ಕೂತು ಮೊದಲಿನಿಂದ ಬಿಡಿಸಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ನಾನೇ ಕಟ್ಟಿದ್ದು. ಶಾಂತಮ್ಮ ಎಂಬಾಕೆ ಹಳ್ಳಿಯೊಂದರಲ್ಲಿ ನ್ಯಾಯಬೆಲೆ ಅಂಗಡಿ ನಡೆಸುತ್ತಾಳೆ. ಆಹಾರ ನಿರೀಕ್ಷಕರು ಅಂಗಡಿಗೆ ಬಂದು ನೋಡಿದಾಗ ದಾಸ್ತಾನು ಪುಸ್ತಕದಲ್ಲಿ ಇರುವುದಕ್ಕಿಂತ 6 ಮೂಟೆ, ಅಂದರೆ 3 ಕ್ವಿಂಟಾಲ್ ಅಕ್ಕಿ ಕಡಿಮೆ ಇರುತ್ತದೆ. ಮಹಜರು ಮಾಡಿ, ಇಬ್ಬರು ಗ್ರಾಮಸ್ಥರ ಹೇಳಿಕೆ ಬರೆದುಕೊಂಡು ಹೋಗುತ್ತಾರೆ. "ದಾಸ್ತಾನಿನಲ್ಲಿ ವ್ಯತ್ಯಾಸ ಕಂಡುಬಂದಿದ್ದು, 3 ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು" ಎಂದು ನೋಟಿಸ್ ಬರುತ್ತದೆ. ಶಾಂತಮ್ಮ ಉತ್ತರ ಕೊಡುತ್ತಾಳೆ: ಎತ್ತುವಳಿಯ ದಿನ ಲಾರಿಯಲ್ಲಿ ಜಾಗ ಸಾಲದೆ 6 ಮೂಟೆ ಗೋದಾಮಿನಲ್ಲೇ ಉಳಿದವು, ಪುಸ್ತಕದಲ್ಲಿ ಮಾತ್ರ ಪೂರ್ತಿ ಲೆಕ್ಕ ಹತ್ತಿದೆ, ಮಹಜರು ಮತ್ತು ಹೇಳಿಕೆಗಳ ನಕಲು ಕೊಡಿ. ನಕಲು ಬರುವುದಿಲ್ಲ. ಹತ್ತು ದಿನದ ಮೇಲೆ ಆದೇಶ ಬರುತ್ತದೆ: "ಸಮಜಾಯಿಷಿ ತೃಪ್ತಿಕರವಾಗಿಲ್ಲದ ಕಾರಣ ಪರವಾನಗಿ ರದ್ದುಪಡಿಸಲಾಗಿದೆ."

ಪ್ರಶ್ನೆಯಲ್ಲಿ ಕೊಟ್ಟ ನಿಯಮ ಹೀಗಿದೆ: ಪರವಾನಗಿದಾರನಿಗೆ ಅಹವಾಲು ಹೇಳಿಕೊಳ್ಳಲು ಸೂಕ್ತ ಅವಕಾಶ ನೀಡಿದ ನಂತರ ಪ್ರಾಧಿಕಾರವು ದಂಡ ವಿಧಿಸಬಹುದು, ಪರವಾನಗಿ ಅಮಾನತು ಮಾಡಬಹುದು ಅಥವಾ ರದ್ದುಪಡಿಸಬಹುದು, ಆದೇಶದ ವಿರುದ್ಧ 30 ದಿನದಲ್ಲಿ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಶಾಂತಮ್ಮ ಮೇಲ್ಮನವಿಗೆ ಹೋಗದೆ ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾಳೆ. ಸರ್ಕಾರದ ಅಫಿಡವಿಟ್ಟಿನಲ್ಲಿ ಎರಡು ಮಾತು. ಈಕೆಯ ಮೇಲೆ ಹಿಂದೆಯೂ ದೂರುಗಳಿದ್ದವು, ಅದನ್ನೂ ಪರಿಗಣಿಸಿಯೇ ರದ್ದು ಮಾಡಿದ್ದು. ಅಕ್ಕಿ ಕಡಿಮೆ ಇದ್ದದ್ದನ್ನು ಆಕೆಯೇ ಒಪ್ಪಿರುವಾಗ ನಕಲು ಕೊಟ್ಟಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ. ತೀರ್ಮಾನಿಸಿ.

80 ಅಂಕಕ್ಕೆ 3 ಗಂಟೆ ಎಂದರೆ ಈ 6 ಅಂಕಕ್ಕೆ ಸಿಗುವುದು ಹದಿಮೂರು ಹದಿನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ಪೆನ್ನು ಕಾಗದಕ್ಕೆ ತಾಗಿಸದೆ ಓದಲಿಕ್ಕೇ ಇಡಬೇಕು. ನಾನು ಓದುವ ಕ್ರಮ ಇಷ್ಟೇ: ಮೊದಲು ಕೊನೆಯ ಸಾಲು, ಏನು ಕೇಳಿದ್ದಾರೆ ಎಂದು. ಆಮೇಲೆ ಮೇಲಿನಿಂದ ಒಂದೊಂದೇ ಸಂಗತಿಯ ಪಕ್ಕ, ಇದನ್ನು ಯಾಕೆ ಇಟ್ಟಿದ್ದಾರೆ ಎಂದು ಕೇಳಿಕೊಳ್ಳುತ್ತಾ ಹೋಗುವುದು. ಪ್ರಶ್ನೆ ಕಟ್ಟುವವರು ಸುಮ್ಮನೆ ಏನನ್ನೂ ಬರೆಯುವುದಿಲ್ಲ. ಶಾಂತಮ್ಮ ನಕಲು ಕೇಳಿದಳು ಎಂದು ನಾನು ಬರೆದದ್ದು, ಕೇಳದೆ ಇದ್ದಿದ್ದರೆ ಉತ್ತರ ಬೇರೆಯಾಗಬಹುದಿತ್ತು ಎಂಬ ಕಾರಣಕ್ಕೆ. ನಿಯಮದಲ್ಲಿ ದಂಡ, ಅಮಾನತು, ರದ್ದು ಎಂದು ಮೂರು ಮೆಟ್ಟಿಲು ಇಟ್ಟಿದ್ದಕ್ಕೂ ಕಾರಣವಿದೆ. ನನ್ನ ಮುಂದಿದ್ದ ಮೂರು ಪುಟದ ಉತ್ತರದಲ್ಲಿ ಈ ಎರಡೂ ಸಂಗತಿಗಳ ಹೆಸರೇ ಬಂದಿರಲಿಲ್ಲ.

ಇನ್ನು ವಿವಾದಾಂಶ, ಅಂದರೆ ನ್ಯಾಯಾಲಯ ಉತ್ತರಿಸಬೇಕಾದ ಪ್ರಶ್ನೆ. "ಸಹಜ ನ್ಯಾಯದ ಉಲ್ಲಂಘನೆ ಆಗಿದೆಯೇ?" ಎಂದು ಅವಳು ಬರೆದಿದ್ದಳು. ಇದು ಯಾವ ಸಮಸ್ಯೆಗಾದರೂ ಅಂಟಿಸಬಹುದಾದ ಚೀಟಿ. ವಿವಾದಾಂಶದೊಳಗೆ ಈ ಪ್ರಕರಣದ ಸಂಗತಿ ಕಾಣಿಸಬೇಕು. ನಾವಿಬ್ಬರೂ ಕೂತು ಹೀಗೆ ತಿದ್ದಿದೆವು: ನೋಟಿಸ್ ಕೊಟ್ಟು ಉತ್ತರ ಪಡೆದಿದ್ದರೂ, ಕೇಳಿದ ಮಹಜರು ಮತ್ತು ಹೇಳಿಕೆಗಳ ನಕಲು ಕೊಡದೆ ಪರವಾನಗಿ ರದ್ದು ಮಾಡಿದ್ದು ನಿಯಮ ಹೇಳುವ "ಸೂಕ್ತ ಅವಕಾಶ" ಆಗುತ್ತದೆಯೇ? ಕಾರಣವಿಲ್ಲದ ಒಂದು ಸಾಲಿನ ಆದೇಶಕ್ಕೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಬಹುದೇ? ಮೇಲ್ಮನವಿಯ ದಾರಿ ಇದ್ದಾಗ ರಿಟ್ ಅರ್ಜಿ ನಿಲ್ಲುತ್ತದೆಯೇ? ಹೀಗೆ ಬರೆದ ಕೂಡಲೇ ಉತ್ತರದ ಅರ್ಧ ದಾರಿ ಸವೆದಿರುತ್ತದೆ. ಏನನ್ನು ಹುಡುಕಬೇಕು ಎಂಬುದು ನಮಗೇ ಗೊತ್ತಾಗಿರುತ್ತದೆ.

ಮೂರನೆಯ ಪ್ರಶ್ನೆಯನ್ನು ಉತ್ತರದಲ್ಲಿ ಮೊದಲಿಗೆ ತರುವುದು ಒಳ್ಳೆಯದು. ಅರ್ಜಿಯೇ ನಿಲ್ಲದಿದ್ದರೆ ಉಳಿದದ್ದನ್ನು ನ್ಯಾಯಾಲಯ ಯಾಕೆ ನೋಡಬೇಕು? ನಾಲ್ಕು ಸಾಲು ಸಾಕು. ಪರ್ಯಾಯ ಪರಿಹಾರ ಇದೆ ಎಂಬುದು ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ರಿಟ್ ಅಧಿಕಾರಕ್ಕೆ ಹಾಕಿದ ಬೀಗವಲ್ಲ, ನ್ಯಾಯಾಲಯ ತಾನೇ ಪಾಲಿಸುವ ಸಂಯಮ. ಸಹಜ ನ್ಯಾಯ ಮುರಿದಾಗ, ಅಧಿಕಾರವ್ಯಾಪ್ತಿ ಇಲ್ಲದೆ ಆದೇಶ ಮಾಡಿದಾಗ, ಮೂಲಭೂತ ಹಕ್ಕಿನ ಪ್ರಶ್ನೆ ಇದ್ದಾಗ ಅಥವಾ ಕಾಯಿದೆಯ ಸಿಂಧುತ್ವವನ್ನೇ ಪ್ರಶ್ನಿಸಿದಾಗ ಆ ಸಂಯಮ ಅಡ್ಡಿಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ಪ್ರಕರಣದಲ್ಲಿ ಹೇಳಿದೆ. ಇಲ್ಲಿ ದೂರು ಮೊದಲನೆಯ ಬಗೆಯದು. ಆದ್ದರಿಂದ ಅರ್ಜಿ ನಿಲ್ಲುತ್ತದೆ, ಆ ದೂರು ನಿಜವೆಂದು ಮುಂದೆ ತೋರಿಸಿದರೆ. "ತೋರಿಸಿದರೆ" ಎಂಬ ಆ ಮಾತು ಮುಖ್ಯ. ಉಲ್ಲಂಘನೆಯಾಗಿದೆ ಎಂದು ಅರ್ಜಿಯಲ್ಲಿ ಬರೆದುಬಿಟ್ಟರೆ ಬಾಗಿಲು ತೆರೆಯುವುದಿಲ್ಲ. ನಿಜವಾದ ಕೆಲಸವೆಲ್ಲ ಮೊದಲ ವಿವಾದಾಂಶದಲ್ಲೇ ಇದೆ.

ಕಾನೂನು ಏನು ಹೇಳುತ್ತದೆ ಎಂದು ಬರೆಯುವ ಹಂತದಲ್ಲೇ ಆ ಹುಡುಗಿ ಸಮಯ ಕಳೆದುಕೊಂಡದ್ದು. ರಿಡ್ಜ್, ಕ್ರೈಪಾಕ್, ಮೇನಕಾ ಮೂರೂ ದೊಡ್ಡ ತೀರ್ಪುಗಳು, ನಾನು ತರಗತಿಯಲ್ಲಿ ಮನಸಿಟ್ಟು ಪಾಠ ಮಾಡುವಂಥವು. ಆದರೆ ಅವು ಯಾವ ಪ್ರಶ್ನೆಗೆ ಉತ್ತರ? ಕಾಯಿದೆ ಬಾಯಿ ಬಿಡದಿರುವಾಗ, ಆದೇಶ ಬರಿಯ ಆಡಳಿತಾತ್ಮಕವಾಗಿರುವಾಗ, ಆಗಲೂ ಅಧಿಕಾರಿ ನ್ಯಾಯಯುತವಾಗಿ ನಡೆದುಕೊಳ್ಳಬೇಕೇ ಎಂಬ ಪ್ರಶ್ನೆಗೆ. ನಮ್ಮ ನಿಯಮವಾದರೋ "ಸೂಕ್ತ ಅವಕಾಶ ನೀಡಿದ ನಂತರ" ಎಂದು ತಾನೇ ಹೇಳಿಬಿಟ್ಟಿದೆ. ಅವಕಾಶ ಕೊಡಬೇಕೋ ಬೇಡವೋ ಎಂಬ ಚರ್ಚೆಯೇ ಇಲ್ಲ. ಇರುವ ಚರ್ಚೆ ಒಂದೇ: ಕೊಟ್ಟದ್ದು "ಸೂಕ್ತ"ವೇ? ಇದನ್ನು ಹೇಳಿದಾಗ ಅವಳು ತನ್ನ ಉತ್ತರದ ಒಂದೂವರೆ ಪುಟದ ಮೇಲೆ ಬೆರಳಿಟ್ಟು, "ಹಾಗಾದ್ರೆ ಇಷ್ಟೂ ಬೇಡಿತ್ತಾ?" ಎಂದಳು. ಬೇಡಿತ್ತು. ಒಂದು ಸಾಲು ಸಾಕಿತ್ತು.

ಅದಕ್ಕೇ ನಾನು ಪ್ರತಿ ವರ್ಷ ಹೇಳುತ್ತೇನೆ, ಸಮಸ್ಯೆಯಲ್ಲಿ ನಿಯಮ ಕೊಟ್ಟಿದ್ದರೆ ಮೊದಲು ಅದರ ಪದಗಳನ್ನು ಹಿಡಿಯಿರಿ, ತೀರ್ಪು ಆಮೇಲೆ. ಆಡಳಿತ ಕಾನೂನಿನಲ್ಲಿ ಅಧಿಕಾರ ಹುಟ್ಟುವುದು ಆ ಪದಗಳಿಂದ, ಅದರ ಗಡಿ ಗೊತ್ತಾಗುವುದೂ ಅಲ್ಲೇ.

ಇನ್ನೊಂದು ಗುಂಡಿಯೂ ಇದೆ. ಅನೇಕರು "ಆಕೆಯನ್ನು ಖುದ್ದಾಗಿ ಕರೆದು ಕೇಳಲಿಲ್ಲ, ಆದ್ದರಿಂದ ಉಲ್ಲಂಘನೆ" ಎಂದು ಬರೆದಿದ್ದರು. ಇದು ಜಾರುವ ನೆಲ. ಅಹವಾಲು ಕೇಳುವುದು ಎಂದರೆ ಎದುರು ಕೂರಿಸಿಕೊಂಡೇ ಕೇಳಬೇಕು ಎಂದಿಲ್ಲ. ಎಷ್ಟೋ ಸಂದರ್ಭದಲ್ಲಿ ಲಿಖಿತ ಉತ್ತರವೇ ಸಾಕಾಗುತ್ತದೆ. ನಮ್ಮ ಸಮಸ್ಯೆಯಲ್ಲಿ ಶಾಂತಮ್ಮ ಖುದ್ದು ವಿಚಾರಣೆ ಕೇಳಿಯೂ ಇಲ್ಲ. ಆಕೆಯ ಬಲವಾದ ವಾದ ಇರುವುದು ನಕಲಿನಲ್ಲಿ. ತನ್ನ ವಿರುದ್ಧ ಬಳಸುವ ಕಾಗದ ಕಣ್ಣಿಗೇ ಬೀಳದಿದ್ದರೆ ಯಾರಿಗೆ ಏನೆಂದು ಉತ್ತರ ಕೊಡುವುದು? ಗ್ರಾಮಸ್ಥರು "ರಾತ್ರಿ ಅಕ್ಕಿ ಸಾಗಿಸಿದ್ದು ನೋಡಿದೆವು" ಎಂದಿದ್ದರೋ, "ಅಂಗಡಿ ಸರಿಯಾಗಿ ತೆರೆಯುವುದಿಲ್ಲ" ಎಂದಷ್ಟೇ ಹೇಳಿದ್ದರೋ, ಆಕೆಗೆ ಗೊತ್ತೇ ಇಲ್ಲ.

ಜೊತೆಗೆ ನೋಟಿಸ್. "ನಿಯಮಾನುಸಾರ ಕ್ರಮ" ಎಂದರೆ ಯಾವ ಕ್ರಮ? ಕಪ್ಪುಪಟ್ಟಿಗೆ ಸೇರಿಸುವಂಥ ಕಠಿಣ ಕ್ರಮ ಮನಸ್ಸಿನಲ್ಲಿದ್ದರೆ ಅದು ನೋಟಿಸಿನಲ್ಲಿ ಇರಬೇಕು, ಇಲ್ಲವೇ ಓದಿದವರಿಗೆ ಸ್ಪಷ್ಟವಾಗಿ ಹೊಳೆಯುವಂತಿರಬೇಕು ಎಂದು 2014ರ ಗೂರ್ಖಾ ಸೆಕ್ಯುರಿಟಿ ಪ್ರಕರಣ ಹೇಳುತ್ತದೆ. ಅದು ಗುತ್ತಿಗೆದಾರರ ವಿಷಯ, ಇದು ಪರವಾನಗಿ. ಆದರೂ ತರ್ಕ ಇಲ್ಲಿಗೆ ಹೊಂದುತ್ತದೆ: ದಂಡ ಕಟ್ಟಿ ಮುಗಿಸಬಹುದು ಎಂದುಕೊಂಡವಳು ಬರೆಯುವ ಉತ್ತರವೇ ಬೇರೆ, ಅಂಗಡಿಯೇ ಹೋಗುತ್ತದೆ ಎಂದು ತಿಳಿದವಳು ಬರೆಯುವ ಉತ್ತರವೇ ಬೇರೆ. "ಅದು ಬೇರೆ ಬಗೆಯ ಪ್ರಕರಣ, ಆದರೂ ಯಾಕೆ ಹೊಂದುತ್ತದೆಂದರೆ" ಎಂಬ ಮಾತನ್ನು ಪರೀಕ್ಷೆಯಲ್ಲಿ ಬರೆಯಲು ಹೆದರಬೇಕಿಲ್ಲ. ತೀರ್ಪನ್ನು ಓದಿದ್ದೀರಿ ಎಂಬುದಕ್ಕೆ ಅದೇ ಗುರುತು.

ಇಷ್ಟಾದ ಮೇಲೆ ಹೆಚ್ಚಿನವರು ತೀರ್ಮಾನಕ್ಕೆ ಜಿಗಿಯುತ್ತಾರೆ. ಆದರೆ ಸರ್ಕಾರದ ಎರಡನೆಯ ಮಾತು ಇನ್ನೂ ಹಾಗೇ ನಿಂತಿದೆ: ಕೊಟ್ಟಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಈ ಪ್ರಶ್ನೆಯ ತಿರುಳು ಇದೇ. ಇಲ್ಲಿ ಎರಡು ತೀರ್ಪುಗಳನ್ನು ಎದುರುಬದುರು ಕೂರಿಸಬೇಕು.

ಒಂದು, 1980ರ ಎಸ್.ಎಲ್. ಕಪೂರ್ ವಿರುದ್ಧ ಜಗಮೋಹನ್. ನವದೆಹಲಿ ಮುನಿಸಿಪಲ್ ಸಮಿತಿಯನ್ನು ಅಹವಾಲು ಕೇಳದೆ ಸೂಪರ್‌ಸೀಡ್ ಮಾಡಿದ, ಅಂದರೆ ಅದರ ಅಧಿಕಾರ ಕಿತ್ತುಕೊಂಡ ಪ್ರಕರಣ. ಸಹಜ ನ್ಯಾಯ ಪಾಲಿಸದಿರುವುದೇ ಒಂದು ಹಾನಿ, ಬೇರೆ ಹಾನಿಯನ್ನು ಸಾಬೀತು ಮಾಡಬೇಕಿಲ್ಲ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಇಷ್ಟನ್ನೇ ಬರೆದು ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ಅದೇ ತೀರ್ಪು ಒಂದು ಕಿಂಡಿ ಬಿಟ್ಟಿದೆ: ಒಪ್ಪಿಕೊಂಡ ಅಥವಾ ವಿವಾದಕ್ಕೆ ಎಡೆಯಿಲ್ಲದ ಸಂಗತಿಗಳ ಮೇಲೆ ಒಂದೇ ಒಂದು ತೀರ್ಮಾನ ಮಾತ್ರ ಸಾಧ್ಯ, ಕಾನೂನಿನಲ್ಲಿ ಒಂದೇ ಶಿಕ್ಷೆಗೆ ಅವಕಾಶ ಎಂದಾಗ, ನ್ಯಾಯಾಲಯ ಸುಮ್ಮನೆ ರಿಟ್ ಹೊರಡಿಸದೆ ಇರಬಹುದು.

ಇನ್ನೊಂದು, 1996ರ ಸ್ಟೇಟ್ ಬ್ಯಾಂಕ್ ಆಫ್ ಪಟಿಯಾಲ ವಿರುದ್ಧ ಎಸ್.ಕೆ. ಶರ್ಮ. ಬ್ಯಾಂಕ್ ನೌಕರನಿಗೆ ಸಾಕ್ಷಿಗಳ ಹೇಳಿಕೆಯ ನಕಲು ಕೊಟ್ಟಿರಲಿಲ್ಲ. ಆದರೆ ಅವನ್ನು ಓದಿ ಟಿಪ್ಪಣಿ ಮಾಡಿಕೊಳ್ಳಲು ಬಿಟ್ಟಿದ್ದರು. ಅವಕಾಶವೇ ಇಲ್ಲದಿರುವುದು ಬೇರೆ, ಇದ್ದ ಅವಕಾಶದಲ್ಲಿ ಕೊರತೆ ಇರುವುದು ಬೇರೆ. ಎರಡನೆಯದಾದರೆ ನಿಜವಾಗಿ ತೊಂದರೆಯಾಯಿತೇ ಎಂದು ನೋಡಬೇಕು ಎಂದಿತು ನ್ಯಾಯಾಲಯ. ನೌಕರ ಸೋತ.

ಸರ್ಕಾರಿ ವಕೀಲರು ಶರ್ಮ ಪ್ರಕರಣವನ್ನೇ ಹಿಡಿಯುತ್ತಾರೆ. ನೋಟಿಸ್ ಕೊಟ್ಟಿದ್ದೇವೆ, ಉತ್ತರ ಪಡೆದಿದ್ದೇವೆ, ಬರೀ ನಕಲಿನ ಕೊರತೆ, ತೊಂದರೆ ಏನಾಯಿತು ತೋರಿಸಿ ಎಂದು. ಈ ವಾದವನ್ನು ಮುಚ್ಚಿಡದೆ ಉತ್ತರದಲ್ಲಿ ಬರೆಯಬೇಕು. ಆಮೇಲೆ ಸಂಗತಿಗಳ ಕಡೆ ತಿರುಗಬೇಕು. ಶರ್ಮ ಹೇಳಿಕೆಗಳನ್ನು ಓದಿದ್ದ. ಶಾಂತಮ್ಮ ನೋಡಿಯೇ ಇಲ್ಲ, ಅದೂ ಬರವಣಿಗೆಯಲ್ಲಿ ಕೇಳಿದ ಮೇಲೆ. ತೊಂದರೆಯ ಪರೀಕ್ಷೆಯನ್ನೇ ಹಚ್ಚಿದರೂ ಆಕೆ ದಾಟುತ್ತಾಳೆ.

"ಒಪ್ಪಿಕೊಂಡಿದ್ದಾಳಲ್ಲ ಮೇಡಂ, ಅಕ್ಕಿ ಕಮ್ಮಿ ಇತ್ತು ಅಂತ?" ಎಂದು ಹುಡುಗಿ ಕೇಳಿದಳು. ಈ ಪ್ರಶ್ನೆ ಕೇಳಿದಾಗ ನನಗೆ ಖುಷಿಯಾಯಿತು, ಯಾಕೆಂದರೆ ಉತ್ತರ ನಿಂತಿರುವುದೇ ಅದರ ಮೇಲೆ. ಆಕೆ ಏನನ್ನು ಒಪ್ಪಿದಳು? ಅಂಗಡಿಯಲ್ಲಿ 6 ಮೂಟೆ ಇರಲಿಲ್ಲ ಎಂಬುದನ್ನು. ಯಾಕಿರಲಿಲ್ಲ ಎಂಬುದಕ್ಕೆ ಬೇರೆ ಕಾರಣ ಕೊಟ್ಟಿದ್ದಾಳೆ, ಮತ್ತು ಆ ಕಾರಣವನ್ನು ಗೋದಾಮಿನ ಲೆಕ್ಕ ತೆಗೆದು ಒಂದು ಬೆಳಗಿನಲ್ಲಿ ಪರೀಕ್ಷಿಸಬಹುದಿತ್ತು. ಕೊರತೆಯನ್ನು ಒಪ್ಪಿದಳು, ತಪ್ಪನ್ನು ಒಪ್ಪಲಿಲ್ಲ. ಇನ್ನು ಶಿಕ್ಷೆ. ನಿಯಮದಲ್ಲಿ ದಂಡ, ಅಮಾನತು, ರದ್ದು ಮೂರೂ ಇವೆ. ಲೆಕ್ಕ ಬರೆಯುವುದರಲ್ಲಿ ಆದ ತಪ್ಪು ಎಂದಾಗಿದ್ದರೆ ದಂಡಕ್ಕೇ ಮುಗಿಯಬಹುದಿತ್ತು. ಅಂದಮೇಲೆ ಕಪೂರ್ ತೀರ್ಪಿನ ಕಿಂಡಿಯಲ್ಲಿ ಈ ಪ್ರಕರಣ ತೂರುವುದಿಲ್ಲ: ಸಂಗತಿಯಲ್ಲೂ ಎರಡು ತೀರ್ಮಾನ ಸಾಧ್ಯ, ಶಿಕ್ಷೆಯಲ್ಲೂ ಮೂರು ದಾರಿ. ಈ ನಾಲ್ಕಾರು ಸಾಲು ಅವಳ ಉತ್ತರದಲ್ಲಿ ಇದ್ದಿದ್ದರೆ ಮೂರು ಪುಟ ಒಂದೂವರೆ ಪುಟವಾಗುತ್ತಿತ್ತು, ಎರಡೂವರೆ ಅಂಕ ಐದಾಗುತ್ತಿತ್ತು.

ಎರಡನೆಯ ವಿವಾದಾಂಶ ಬೇಗ ಮುಗಿಯುತ್ತದೆ. "ತೃಪ್ತಿಕರವಾಗಿಲ್ಲ" ಎಂಬುದು ಕಾರಣವಲ್ಲ, ತೀರ್ಮಾನ. ಯಾಕೆ ತೃಪ್ತಿಕರವಾಗಿಲ್ಲ ಎಂಬುದು ಕಾರಣ. ಹಳೆಯ ದೂರುಗಳ ಮಾತು ನೋಟಿಸಿನಲ್ಲೂ ಇಲ್ಲ, ಆದೇಶದಲ್ಲೂ ಇಲ್ಲ, ಅಫಿಡವಿಟ್ಟಿನಲ್ಲಿ ಮೊದಲ ಸಲ ಕಾಣಿಸಿಕೊಂಡಿದೆ. ಆದೇಶ ಹೊರಡಿಸಿದಾಗ ಅದರಲ್ಲಿ ಬರೆದ ಕಾರಣದ ಮೇಲೆಯೇ ಅದು ನಿಲ್ಲಬೇಕು ಅಥವಾ ಬೀಳಬೇಕು, ಆಮೇಲೆ ಅಫಿಡವಿಟ್ಟಿನಿಂದ ಊರುಗೋಲು ಕೊಡುವಂತಿಲ್ಲ ಎಂಬುದು 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ಮಾತು. ಅದು ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಮತದಾನವನ್ನು ಚುನಾವಣಾ ಆಯೋಗ ರದ್ದು ಮಾಡಿದ್ದರ ವಿಷಯ. ಚುನಾವಣೆಗೂ ಅಕ್ಕಿ ಅಂಗಡಿಗೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎರಡು ಕಡೆಯೂ ಶಾಸನ ಕೊಟ್ಟ ಅಧಿಕಾರದ ಮೇಲೆ ಒಬ್ಬರು ಸಹಿ ಹಾಕಿದ ಆದೇಶವಿದೆ, ಸಂಬಂಧ ಅದು.

ಇಂಥ ಆದೇಶಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ವಕೀಲಿಕೆಯ ಮೊದಲ ವರ್ಷಗಳಲ್ಲಿ ಒಬ್ಬ ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ತಂದ ಹಾಳೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಕ್ಕಾಲು ಪುಟ "ಓದಲಾಗಿದೆ" ಎಂಬ ತಲೆಬರಹದಡಿ ಪತ್ರಗಳ ಸಂಖ್ಯೆ ಮತ್ತು ದಿನಾಂಕ, ಕೆಳಗೆ ಒಂದೇ ಸಾಲು, ಅದರ ಕೆಳಗೆ ಮೊಹರು. ಅವರು ಆ ಸಾಲನ್ನು ತೋರಿಸಿ, "ಅಮ್ಮಾ, ನಾನೇನು ಹೇಳಿದ್ದೆ ಅಂತ ಇದರಲ್ಲಿ ಎಲ್ಲಾದರೂ ಇದೆಯಾ?" ಎಂದು ಕೇಳಿದ್ದರು. ಇರಲಿಲ್ಲ. ಪರೀಕ್ಷೆಯ ಪ್ರಶ್ನೆ ಕಟ್ಟುವಾಗಲೆಲ್ಲ ಆ ಹಾಳೆ ನೆನಪಾಗುತ್ತದೆ.

ಕೊನೆಗೆ ತೀರ್ಮಾನ. ಇಲ್ಲೂ ಎಡವುವುದು ಸಾಮಾನ್ಯ. "ಶಾಂತಮ್ಮ ನಿರಪರಾಧಿ, ಪರವಾನಗಿ ಮರಳಿ ಕೊಡಬೇಕು" ಎಂದು ಕೆಲವರು, "ಬಡವರ ಅಕ್ಕಿ ಕದ್ದವಳಿಗೆ ತಕ್ಕ ಶಿಕ್ಷೆ" ಎಂದು ಕೆಲವರು ಬರೆದಿದ್ದರು. ಎರಡೂ ನಮ್ಮ ಕೆಲಸವಲ್ಲ. ರಿಟ್ ನ್ಯಾಯಾಲಯ ಮೇಲ್ಮನವಿ ಕೇಳಲು ಕೂತಿಲ್ಲ, ತೀರ್ಮಾನ ತೆಗೆದುಕೊಂಡ ದಾರಿಯನ್ನು ನೋಡುತ್ತಿದೆ. ಅಕ್ಕಿ ಎಲ್ಲಿ ಹೋಯಿತು ಎಂಬುದನ್ನು ತೀರ್ಮಾನಿಸಲು ಅದರ ಮುಂದೆ ಗೋದಾಮಿನ ಪುಸ್ತಕವೂ ಇಲ್ಲ.

"ಹಾಗಾದ್ರೆ ಅವಳು ಕದ್ದಿದ್ದಾಳಾ ಇಲ್ವಾ ಅನ್ನೋದು?" ಎಂದಳು ಹುಡುಗಿ.

"ಅದನ್ನ ಆ ಅಧಿಕಾರಿಯೇ ಮತ್ತೆ ನೋಡ್ಲಿ, ಈ ಸಲ ಸರಿಯಾಗಿ" ಎಂದೆ.

ಅವಳು ತನ್ನ ನೋಟ್‌ಬುಕ್ಕಿನಲ್ಲಿ ಕೊನೆಯ ಪ್ಯಾರಾ ಹೊಸದಾಗಿ ಬರೆದಳು. ಎರಡು ಸಲ ಹೊಡೆದುಹಾಕಿ ಮೂರನೆಯ ಸಲಕ್ಕೆ ಹೀಗೆ ನಿಂತಿತು: "ಕೇಳಿದ ದಾಖಲೆಗಳ ನಕಲು ಕೊಡದೆ, ಕಾರಣ ಬರೆಯದೆ ಮಾಡಿದ ಆದೇಶವು ನಿಯಮದಲ್ಲಿ ಹೇಳಿದ ಸೂಕ್ತ ಅವಕಾಶವನ್ನು ನಿರಾಕರಿಸಿದೆ. ಆದ್ದರಿಂದ ಹೈಕೋರ್ಟ್ ಸರ್ಷಿಯೋರರಿ ರಿಟ್ ಮೂಲಕ ಆದೇಶವನ್ನು ರದ್ದುಪಡಿಸಿ, ಮಹಜರು ಮತ್ತು ಹೇಳಿಕೆಗಳ ನಕಲು ನೀಡಿ, ಆಕೆಯ ಉತ್ತರ ಪಡೆದು, ಕಾರಣಸಹಿತವಾಗಿ ಹೊಸ ಆದೇಶ ಮಾಡುವಂತೆ ಪ್ರಕರಣವನ್ನು ಪ್ರಾಧಿಕಾರಕ್ಕೆ ಹಿಂದಿರುಗಿಸಬಹುದು. ಹಳೆಯ ದೂರುಗಳನ್ನು ಪರಿಗಣಿಸಬೇಕೆಂದಿದ್ದರೆ ಹೊಸ ನೋಟಿಸಿನಲ್ಲಿ ಅವನ್ನೂ ತಿಳಿಸತಕ್ಕದ್ದು."

ಕೊನೆಯ ಆ ಸಾಲನ್ನು ನಾನು ಹೇಳಿಕೊಟ್ಟಿರಲಿಲ್ಲ.